ಜ್ವರ ಬಂದಾಗ ಹಸಿವನ್ನು ನಿಲ್ಲಿಸುವುದು ಯಾರು?

ಮಳೆಗಾಲ ಹಿಡಿದು ಒಂದು ತಿಂಗಳಾಗುವಷ್ಟರಲ್ಲಿ ಮುಂಬಯಿಯ ಮನೆಗಳಲ್ಲಿ ಜ್ವರದ ಸರದಿ ಶುರುವಾಗುತ್ತದೆ. ಡೊಂಬಿವಲಿಯಿರಲಿ, ಸಯನ್ ಇರಲಿ, ಮಲಗಿದವರ ತಲೆದಿಂಬಿನ ಬಳಿ ನಡೆಯುವ ಮಾತು ಒಂದೇ: "ಎರಡು ತುತ್ತಾದರೂ ತಿನ್ನು ಮಗಾ, ತಿನ್ನದಿದ್ದರೆ ಶಕ್ತಿ ಎಲ್ಲಿಂದ ಬರಬೇಕು?" ಮಲಗಿದವರು ಮುಖ ತಿರುಗಿಸುತ್ತಾರೆ. ಅನ್ನದ ವಾಸನೆಯೇ ಬೇಡ, ಬಾಯಿ ಕಹಿ, ಒಂದು ತುತ್ತು ಗಂಟಲಿಗಿಳಿದರೆ ಹೊಟ್ಟೆ ತುಂಬಿದ ಹಾಗೆ. ಇನ್ನೊಂದು ಪಂಗಡದ ಹಿರಿಯರು "ಲಂಘನಂ ಪರಮೌಷಧಂ" ಎಂದು ಗಾದೆ ಹೇಳಿ ನೀರನ್ನೂ ಲೆಕ್ಕ ಹಾಕಿ ಕೊಡುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಯಾವ ಅರ್ಧ ಎಂದು ತಿಳಿಯಬೇಕಾದರೆ, ಹಸಿವನ್ನು ನಿಲ್ಲಿಸಿದ್ದು ಯಾರು, ಯಾಕೆ ಎಂದು ಮೊದಲು ನೋಡಬೇಕು.

ಹೊಟ್ಟೆ ಕೆಟ್ಟಿದ್ದರಿಂದ ಹಸಿವು ಹೋಗಿದೆ ಎಂದು ನಾವು ತಿಳಿಯುತ್ತೇವೆ. ಆದರೆ ಗಂಟಲು ನೋವಿನ ಜ್ವರಕ್ಕೂ, ಕಾಲಿನ ಗಾಯ ಕೀವಾಗಿ ಬಂದ ಜ್ವರಕ್ಕೂ, ಹೊಟ್ಟೆಗೆ ಏನೇನೂ ಸಂಬಂಧವಿಲ್ಲದ ನ್ಯುಮೋನಿಯಾಕ್ಕೂ ಹಸಿವು ಒಂದೇ ರೀತಿ ಹೋಗುತ್ತದೆ. ರೋಗಾಣು ಹಸಿವನ್ನು ತಿಂದುಹಾಕುತ್ತದೆ ಎನ್ನುವುದೂ ಸರಿಯಲ್ಲ. ಪ್ರಯೋಗಾಲಯದಲ್ಲಿ ಇಲಿಗೆ ಜೀವಂತ ಬ್ಯಾಕ್ಟೀರಿಯಾ ಬೇಕಿಲ್ಲ, ಬ್ಯಾಕ್ಟೀರಿಯಾದ ಹೊರಕವಚದ ಒಂದು ಚೂರನ್ನು ಶುದ್ಧ ಮಾಡಿ ಚುಚ್ಚಿದರೆ ಸಾಕು. ಕೆಲವೇ ಗಂಟೆಗಳಲ್ಲಿ ಅದು ಮೂಲೆ ಹಿಡಿದು ಮುದುರಿ ಕೂರುತ್ತದೆ, ಮೈ ಬಿಸಿಯಾಗುತ್ತದೆ, ತಟ್ಟೆಯ ಕಡೆ ಸುಳಿಯುವುದಿಲ್ಲ. ಸೋಂಕೇ ಇಲ್ಲದೆ ಸೋಂಕಿನ ವರ್ತನೆಯೆಲ್ಲ ಬಂತು. ಅಂದರೆ ಊಟ ನಿಲ್ಲಿಸು ಎಂಬ ಆಜ್ಞೆ ಹೊರಟಿದ್ದು ದೇಹದ ಒಳಗಿನಿಂದಲೇ.

ಆ ಆಜ್ಞೆ ಹೀಗೆ ಸಾಗುತ್ತದೆ. ರೋಗಾಣುವಿನ ಗುರುತು ಹಿಡಿದ ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಹಸಿವಿನ ವಿಷಯದಲ್ಲಿ ಮುಖ್ಯವಾದವು ಮೂರು: ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮತ್ತು ಟಿಎನ್‌ಎಫ್. ಇವುಗಳ ಸುದ್ದಿ ಮೆದುಳಿಗೆ ಎರಡು ದಾರಿಯಲ್ಲಿ ಮುಟ್ಟುತ್ತದೆ. ಒಂದು, ಹೊಟ್ಟೆ, ಕರುಳು, ಯಕೃತ್ತುಗಳಿಂದ ಮೆದುಳಿನ ಬುಡಕ್ಕೆ ಹೋಗುವ ವೇಗಸ್ ನರ. ಇನ್ನೊಂದು ರಕ್ತದ ದಾರಿ. ಮೆದುಳಿನ ಬುಡದಲ್ಲಿ ಏರಿಯಾ ಪೋಸ್ಟ್ರೀಮಾ ಎಂಬ ಪುಟ್ಟ ಜಾಗವಿದೆ. ವಾಂತಿ ಬರಿಸುವ ಕೇಂದ್ರವೂ ಅದೇ. ಮೆದುಳಿನ ಉಳಿದ ಭಾಗವನ್ನು ರಕ್ತದಿಂದ ಬೇರೆಯಾಗಿಡುವ ಬಿಗಿ ಗೋಡೆ ಅಲ್ಲಿ ಸಡಿಲ, ಹಾಗಾಗಿ ರಕ್ತದಲ್ಲಿ ಏನು ತೇಲಿ ಬಂದರೂ ಮೊದಲು ಗೊತ್ತಾಗುವುದು ಅಲ್ಲಿಗೆ. ಅಲ್ಲಿಂದ ಹೈಪೊಥಲಾಮಸ್‌ಗೆ ಸಂದೇಶ ಹೋಗಿ ಹಸಿವಿನ ನರಕೋಶಗಳು ತಣ್ಣಗಾಗುತ್ತವೆ, ಸಾಕು ಎನ್ನುವ ನರಕೋಶಗಳು ಎಚ್ಚರಗೊಳ್ಳುತ್ತವೆ. ಜಠರ ಖಾಲಿಯಾಗುವ ವೇಗವೂ ತಗ್ಗುತ್ತದೆ. ಎರಡು ಚಮಚ ಗಂಜಿಗೇ ಹೊಟ್ಟೆ ಉಬ್ಬಿದಂತೆ ಅನಿಸುವುದು ಇದರಿಂದ.

ಜ್ವರದ ಶಾಖವೂ ಹಸಿವಿನ ನಷ್ಟವೂ ಅಕ್ಕಪಕ್ಕದ ವ್ಯವಸ್ಥೆಗಳು, ಆದರೆ ಒಂದೇ ಅಲ್ಲ. ಶಾಖ ಏರಿಸುವುದು ಮುಖ್ಯವಾಗಿ ಮೆದುಳಿನ ರಕ್ತನಾಳಗಳಲ್ಲಿ ತಯಾರಾಗುವ ಪ್ರೊಸ್ಟಾಗ್ಲಾಂಡಿನ್ ಇ2. ಪ್ಯಾರಾಸಿಟಮಾಲ್ ತಡೆಯುವುದು ಅದನ್ನು. ಗುಳಿಗೆ ನುಂಗಿ ಒಂದು ಗಂಟೆಯಲ್ಲಿ ಬೆವರಿ ಮೈ ತಣ್ಣಗಾದರೂ ಹಸಿವು ಮಾತ್ರ ಸರಿಯಾಗಿ ತಿರುಗಿ ಬರುವುದಿಲ್ಲ, ಏಕೆಂದರೆ ಸೈಟೊಕೈನ್‌ಗಳು ಇನ್ನೂ ರಕ್ತದಲ್ಲಿರುತ್ತವೆ. "ಜ್ವರ ಬಿಟ್ಟಿತಲ್ಲ, ಈಗ ಉಣ್ಣು" ಎಂದು ತಟ್ಟೆ ತಂದಿಟ್ಟರೆ ಮಗು ಮುಖ ತಿರುಗಿಸುವುದು ಹಟಕ್ಕಲ್ಲ.

ಇದು ಬರೀ ನಿತ್ರಾಣವಲ್ಲ ಎನ್ನುವುದಕ್ಕೆ ಒಂದು ಸೊಗಸಾದ ಪ್ರಯೋಗವಿದೆ. ಇಲಿಗಳಿಗೆ ಕಾಳು ಸಿಕ್ಕರೆ ತಿನ್ನುವುದರ ಜೊತೆಗೆ ಗೂಡಿಗೆ ಹೊತ್ತು ತಂದು ಕೂಡಿಡುವ ಅಭ್ಯಾಸ. ಬ್ಯಾಕ್ಟೀರಿಯಾದ ಚೂರು ಚುಚ್ಚಿದ ಮೇಲೆ ತಿನ್ನುವುದು ತೀರ ಕಡಿಮೆಯಾದರೂ ಕೂಡಿಡುವ ಕೆಲಸ ಅಷ್ಟಾಗಿ ಕುಗ್ಗಲಿಲ್ಲ. ಓಡಾಡಿ ಕಾಳು ಹೊತ್ತು ತರುವಷ್ಟು ತ್ರಾಣ ಇತ್ತು, ನಾಳೆಗೆ ಬೇಕು ಎಂಬ ಎಚ್ಚರವೂ ಇತ್ತು. ಇವತ್ತು ತಿನ್ನುವುದು ಬೇಡ ಎಂದಷ್ಟೇ ಮೆದುಳು ತೀರ್ಮಾನಿಸಿತ್ತು. ಇಂಥ ವರ್ತನೆಗಳನ್ನೆಲ್ಲ, ಅಂದರೆ ಮುದುರಿ ಮಲಗುವುದು, ಊಟ ಬಿಡುವುದು, ಯಾರೂ ಬೇಡ ಎನಿಸುವುದು, ಇವನ್ನು ರೋಗದ ಹಾನಿಯೆಂದಲ್ಲ, ರೋಗದೊಡನೆ ಹೋರಾಡುವ ಒಂದು ತಂತ್ರವೆಂದು ನೋಡಬೇಕು ಎಂದು ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ 1988ರಲ್ಲಿ ವಾದಿಸಿದರು. ಇಂದು ಆ ನೋಟ ಬೇರೂರಿದೆ.

ಆದರೂ ಒಂದು ಪ್ರಶ್ನೆ ಕಾಡುತ್ತದೆ. ಜ್ವರದಲ್ಲಿ ಖರ್ಚು ಹೆಚ್ಚು. ಮೈಶಾಖ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ವಿಶ್ರಾಂತಿಯಲ್ಲಿರುವ ದೇಹ ಸುಡುವ ಶಕ್ತಿ ಶೇಕಡಾ 10ರಿಂದ 13ರಷ್ಟು ಏರುತ್ತದೆ. ಖರ್ಚು ಏರಿದ ಹೊತ್ತಿನಲ್ಲೇ ಆದಾಯ ನಿಲ್ಲಿಸುವುದು ಯಾವ ಲೆಕ್ಕ?

ಲೆಕ್ಕ ಹಾಕಿಯೇ ನೋಡೋಣ. 65 ಕಿಲೋ ತೂಕದ, ಆರೋಗ್ಯವಂತ, ಮೂವತ್ತೈದರ ಆಸುಪಾಸಿನ ಒಬ್ಬರನ್ನು ಇಟ್ಟುಕೊಳ್ಳಿ. ದಿನಾ ಲೋಕಲ್ ಹಿಡಿದು ಫೋರ್ಟಿನ ಆಫೀಸಿಗೆ ಹೋಗಿಬರುವ ದಿನ ಅವರ ಖರ್ಚು ಸುಮಾರು 2300 ಕಿಲೋಕ್ಯಾಲರಿ. ಅದರಲ್ಲಿ ಸುಮ್ಮನೆ ಮಲಗಿದ್ದರೂ ತಗಲುವ ಮೂಲ ಖರ್ಚು 1500ರಷ್ಟು. ಈಗ 39 ಡಿಗ್ರಿ ಜ್ವರ ಬಂದಿದೆ, ಅಂದರೆ ಎರಡು ಡಿಗ್ರಿ ಏರಿಕೆ. ಮೂಲ ಖರ್ಚು ಸುಮಾರು 1850ಕ್ಕೆ ಹೋಗುತ್ತದೆ, ಮಗ್ಗುಲಾಗುವುದು, ಶೌಚಾಲಯಕ್ಕೆ ಎದ್ದುಹೋಗುವುದು ಎಲ್ಲ ಸೇರಿ 2000. ಗಮನಿಸಿ, ಜ್ವರವಿದ್ದೂ ಒಟ್ಟು ಖರ್ಚು ಆಫೀಸಿನ ದಿನಕ್ಕಿಂತ ಕಡಿಮೆ. ಹಸಿವು ನಿಲ್ಲಿಸಿದ ಸೈಟೊಕೈನ್‌ಗಳೇ ಮೈಕೈ ನೋವು, ಮಂಪರು ತಂದು ಅವರನ್ನು ಮಲಗಿಸಿವೆ. ಶಾಖಕ್ಕೆ ಬೇಕಾದ ಶಕ್ತಿಯನ್ನು ಓಡಾಟದಿಂದ ಉಳಿಸಿ ಹೊಂದಿಸಲಾಗಿದೆ. ಜ್ವರ ಇಟ್ಟುಕೊಂಡೇ ಆಫೀಸಿಗೆ ಹೋಗುವವರಲ್ಲಿ ಈ ಹೊಂದಾಣಿಕೆ ಮುರಿದುಬೀಳುತ್ತದೆ.

ಅವರು ದಿನಕ್ಕೆ 500 ಕಿಲೋಕ್ಯಾಲರಿಯಷ್ಟು ಗಂಜಿ, ಹಾಲು, ಹಣ್ಣಿನ ರಸ ಕುಡಿದರು ಎನ್ನಿ. ಕೊರತೆ ದಿನಕ್ಕೆ 1500, ಮೂರು ದಿನಕ್ಕೆ 4500. ಮೊದಲು ಖರ್ಚಾಗುವುದು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿರುವ ಸಕ್ಕರೆ, ನೂರು ಗ್ರಾಂ, ಅಂದರೆ 400 ಕಿಲೋಕ್ಯಾಲರಿ. ಅದು ಒಂದು ದಿನದ ಬುತ್ತಿ. ಆಮೇಲೆ ಸ್ನಾಯು ಕರಗಿ ದಿನಕ್ಕೆ 40 ಗ್ರಾಂನಷ್ಟು ಪ್ರೋಟೀನ್ ಬಿಟ್ಟುಕೊಡುತ್ತದೆ ಎಂದಿಟ್ಟುಕೊಂಡರೆ ಮೂರು ದಿನಕ್ಕೆ 480. ಉಳಿದ 3600 ಚಿಲ್ಲರೆ ಬರುವುದು ಕೊಬ್ಬಿನಿಂದ, ಅದಕ್ಕೆ 400 ಗ್ರಾಂ ಕೊಬ್ಬು ಸಾಕು. ಅವರ ಮೈಯಲ್ಲಿ ಹತ್ತು ಹದಿನೈದು ಕಿಲೋ ಕೊಬ್ಬಿರುತ್ತದೆ. ಅಂದರೆ ಮೂರು ನಾಲ್ಕು ದಿನ ಉಣ್ಣದಿದ್ದರೆ ಇಂಧನ ಮುಗಿದುಹೋಗುವ ಮಾತೇ ಇಲ್ಲ. ತಕ್ಕಡಿಯಲ್ಲಿ ಎರಡು ಕಿಲೋ ಇಳಿದು ಕಂಡರೆ ಅದರಲ್ಲಿ ದೊಡ್ಡ ಪಾಲು ನೀರು. ಈ ಲೆಕ್ಕದಲ್ಲಿ ಕಾಳಜಿ ಮಾಡಬೇಕಾದದ್ದು ಕೊಬ್ಬಿನದ್ದಲ್ಲ, ಸ್ನಾಯುವಿನದ್ದು. 120 ಗ್ರಾಂ ಪ್ರೋಟೀನ್ ಎಂದರೆ ನೀರೂ ಸೇರಿ ಅರ್ಧ ಕಿಲೋಗೂ ಮಿಕ್ಕಿದ ಸ್ನಾಯು. ಜ್ವರ ಬಿಟ್ಟ ಮೇಲೆ ರೈಲ್ವೆ ಸೇತುವೆಯ ಮೆಟ್ಟಿಲು ಹತ್ತುವಾಗ ತೊಡೆ ನಡುಗುವುದಕ್ಕೆ ಇದೂ ಒಂದು ಕಾರಣ. ಆ ಸ್ನಾಯು ವ್ಯರ್ಥವಾಗಿ ಹೋಗಿಲ್ಲ, ಅದರ ಅಮೈನೊ ಆಮ್ಲಗಳಿಂದ ಯಕೃತ್ತು ರೋಗನಿರೋಧಕ್ಕೆ ಬೇಕಾದ ಪ್ರೋಟೀನುಗಳನ್ನೂ ಮೆದುಳಿಗೆ ಬೇಕಾದ ಸಕ್ಕರೆಯನ್ನೂ ತಯಾರಿಸಿಕೊಂಡಿದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಏರಿ ಕಾಣುವ ಸಿಆರ್‌ಪಿ ಆ ಪ್ರೋಟೀನುಗಳಲ್ಲೊಂದು.

ಸಹಿಸಿಕೊಳ್ಳಬಹುದಾದ ಕೊರತೆ ಎಂದಾಯಿತು. ಲಾಭ ಏನು?

1979ರಲ್ಲಿ ಮರ್ರೆ ಎಂಬ ಒಂದೇ ಮನೆತನದ ಹೆಸರಿನ ಇಬ್ಬರು ಸಂಶೋಧಕರು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದಿಂದ ಸೋಂಕಿತವಾದ ಇಲಿಗಳಿಗೆ ನಳಿಕೆಯ ಮೂಲಕ ಮಾಮೂಲಿನಷ್ಟೇ ಆಹಾರ ತುಂಬಿಸಿದರು. ತಮ್ಮ ಪಾಡಿಗೆ ಬೇಕಾದಷ್ಟು ತಿನ್ನಲು ಬಿಟ್ಟ ರೋಗಿ ಇಲಿಗಳಿಗಿಂತ, ಬಲವಂತವಾಗಿ ಉಣ್ಣಿಸಿದ ಇಲಿಗಳು ಹೆಚ್ಚು ಸತ್ತವು, ಬೇಗ ಸತ್ತವು. ಕಾರಣ ತಿಳಿಯಲು ಬಹಳ ಕಾಲ ಹಿಡಿಯಿತು. 2016ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ರುಸ್ಲಾನ್ ಮೆಡ್ಜಿಟೊವ್ ಅವರ ತಂಡ ಅದೇ ಪ್ರಯೋಗವನ್ನು ಇನ್ನಷ್ಟು ಬಿಡಿಸಿ ಮಾಡಿತು. ಆಹಾರದ ಅಂಶಗಳನ್ನು ಬೇರೆಬೇರೆ ಮಾಡಿ ಕೊಟ್ಟು ನೋಡಿದಾಗ ಪ್ರೋಟೀನ್ ಕೊಲ್ಲಲಿಲ್ಲ, ಎಣ್ಣೆ ಕೊಲ್ಲಲಿಲ್ಲ. ಕೊಂದದ್ದು ಗ್ಲೂಕೋಸ್. ಜೀವಕೋಶಗಳು ಗ್ಲೂಕೋಸ್ ಬಳಸದಂತೆ ತಡೆಯುವ ಔಷಧಿ ಕೊಟ್ಟಾಗ ಇಲಿಗಳು ಬದುಕಿದವು.

ಇಲ್ಲಿ ಎಲ್ಲರೂ ನಿರೀಕ್ಷಿಸುವ ವಿವರಣೆ ಎಂದರೆ, ಸಕ್ಕರೆ ತಿಂದು ಬ್ಯಾಕ್ಟೀರಿಯಾ ಕೊಬ್ಬಿತು, ಉಪವಾಸದಿಂದ ಅದು ಸೊರಗಿತು ಎನ್ನುವುದು. ಹಾಗಾಗಿರಲಿಲ್ಲ. ಉಂಡ ಇಲಿಯಲ್ಲೂ ಉಣ್ಣದ ಇಲಿಯಲ್ಲೂ ಬ್ಯಾಕ್ಟೀರಿಯಾದ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇತ್ತು. ಬೇರೆಯಾಗಿದ್ದದ್ದು ದೇಹಕ್ಕಾದ ಪೆಟ್ಟು. ಸೋಂಕಿನ ವಿರುದ್ಧದ ಕಾಳಗದಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ ಬಿಡುವ ಉರಿಯುವ ಆಮ್ಲಜನಕದ ರೂಪಗಳು ಸ್ವಂತ ಅಂಗಾಂಗಗಳನ್ನೂ ಸುಡುತ್ತವೆ. ಊಟ ನಿಂತಾಗ ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ಬದಲಿ ಇಂಧನ ಮಾಡಿ ಮೆದುಳಿಗೆ ಕಳಿಸುತ್ತದೆ. ಕೀಟೋನ್‌ನಿಂದ ನಡೆಯುವ ನರಕೋಶಗಳು ಆ ಸುಡುವಿಕೆಯನ್ನು ತಡೆದುಕೊಂಡವು. ಗ್ಲೂಕೋಸ್ ತುಂಬಿಸಿದ ಇಲಿಗಳಲ್ಲಿ ಕೀಟೋನ್ ತಯಾರಾಗಲೇ ಇಲ್ಲ, ಮೆದುಳಿಗೆ ಪೆಟ್ಟು ಬಿತ್ತು. ಇಲ್ಲಿ ಹಸಿವು ಹೋಗುವುದರ ಲಾಭ ಶತ್ರುವನ್ನು ಉಪವಾಸ ಕೆಡವುವುದರಲ್ಲಿ ಇಲ್ಲ, ಕಾಳಗದ ಹೊತ್ತಿನಲ್ಲಿ ನಮ್ಮ ಮನೆಯನ್ನು ಸುಟ್ಟುಕೊಳ್ಳದಿರುವುದರಲ್ಲಿದೆ. ಈ ವಿಷಯದಲ್ಲಿ ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಇದೇ ಎಂದು ನಮ್ಮ ಅಭಿಪ್ರಾಯ.

ಅದೇ ತಂಡ ಇನ್ನೊಂದು ಗುಂಪಿನ ಇಲಿಗಳಿಗೆ ಬ್ಯಾಕ್ಟೀರಿಯಾದ ಬದಲು ಇನ್‌ಫ್ಲುಯೆಂಜಾ ವೈರಸ್ ಕೊಟ್ಟಿತು. ಫಲಿತಾಂಶ ತಿರುಗಿಬಿತ್ತು. ಉಣ್ಣಿಸಿದವು ಹೆಚ್ಚು ಬದುಕಿದವು, ಗ್ಲೂಕೋಸ್ ಬಳಕೆಯನ್ನು ತಡೆದಾಗ ಸತ್ತವು. ವೈರಸ್ ಸೋಂಕಿನಲ್ಲಿ ಜೀವಕೋಶಗಳ ಒಳಗೆ ಪ್ರೋಟೀನ್ ತಯಾರಿಕೆಯ ಯಂತ್ರವೇ ಒತ್ತಡಕ್ಕೆ ಸಿಕ್ಕುತ್ತದೆ, ಆ ಒತ್ತಡ ತಾಳಿಕೊಳ್ಳಲು ಗ್ಲೂಕೋಸ್ ಬೇಕು. ಸಿಗದಿದ್ದರೆ ಜೀವಕೋಶ ತಾನಾಗಿ ಸಾಯುತ್ತದೆ. ಹಾಗಾಗಿ ಜ್ವರಕ್ಕೆಲ್ಲ ಉಪವಾಸವೇ ಮದ್ದು ಎಂದು ಈ ಪ್ರಯೋಗದ ಅರ್ಧ ಭಾಗವನ್ನಷ್ಟೇ ಹಂಚುವವರ ಮಾತು ನಂಬಬೇಡಿ. ನಮ್ಮ ಮಳೆಗಾಲದ ಜ್ವರಗಳಲ್ಲಿ ಬಹುಪಾಲು ವೈರಸ್‌ನವು, ಡೆಂಗಿಯೂ ಅದರಲ್ಲೊಂದು. ಬ್ಯಾಕ್ಟೀರಿಯಾಗಳಲ್ಲೂ ಎಲ್ಲದಕ್ಕೂ ಒಂದೇ ನಿಯಮ ಅನ್ವಯಿಸುವುದಿಲ್ಲ. ಕರುಳಿಗೆ ಬರುವ ಸಾಲ್ಮೊನೆಲ್ಲಾದ ಒಂದು ಜಾತಿ, ವೇಗಸ್ ನರದ ಮೂಲಕ ಹೋಗುವ ಊಟ ಬಿಡು ಎಂಬ ಸಂದೇಶವನ್ನೇ ತಡೆಯುತ್ತದೆ ಎಂದು 2017ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆ ತೋರಿಸಿತು. ಇಲಿ ಉಣ್ಣುತ್ತಲೇ ಇರುತ್ತದೆ, ಬದುಕಿಕೊಳ್ಳುತ್ತದೆ, ಮಲದಲ್ಲಿ ಬ್ಯಾಕ್ಟೀರಿಯಾ ಹರಡುತ್ತಲೂ ಇರುತ್ತದೆ. ಅಲ್ಲಿ ಉಂಡವೇ ಗೆದ್ದವು.

ಮನುಷ್ಯರ ಮೇಲೆ ಇಂಥ ಬಲವಂತದ ಪ್ರಯೋಗ ಮಾಡಲಾಗದು. ಹತ್ತಿರದ ಸಾಕ್ಷ್ಯ ಸಿಗುವುದು ತೀವ್ರ ನಿಗಾ ಘಟಕಗಳಿಂದ. ಬೆಲ್ಜಿಯಂನಲ್ಲಿ 4640 ರೋಗಿಗಳನ್ನು ಎರಡು ಗುಂಪು ಮಾಡಿ, ಹೊಟ್ಟೆಯ ಮೂಲಕ ಕೊಡುವ ಆಹಾರ ಸಾಲದಿದ್ದಾಗ ಒಂದು ಗುಂಪಿಗೆ ಮೊದಲ 48 ಗಂಟೆಯಲ್ಲೇ ರಕ್ತನಾಳದ ಮೂಲಕ ಪೂರ್ತಿ ಪೋಷಣೆ ಕೊಟ್ಟರು, ಇನ್ನೊಂದಕ್ಕೆ ಎಂಟನೆಯ ದಿನದವರೆಗೆ ಕಾದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವಿನ ಪ್ರಮಾಣ ಎರಡರಲ್ಲೂ ಒಂದೇ ಇತ್ತು, ಆದರೆ ಕಾದ ಗುಂಪಿನಲ್ಲಿ ಹೊಸ ಸೋಂಕು ಕಡಿಮೆ, ಬೇಗ ಚೇತರಿಸಿಕೊಂಡರು. ವಿಟಮಿನ್, ಖನಿಜಗಳನ್ನು ಎರಡೂ ಗುಂಪಿಗೆ ಮೊದಲಿನಿಂದಲೇ ಕೊಟ್ಟಿದ್ದರು ಎನ್ನುವುದನ್ನು ಮರೆಯಬಾರದು. ಊಟ ಕಡಿಮೆಯಾದಾಗ ಜೀವಕೋಶಗಳು ಒಳಗಿನ ಹಾಳಾದ ಭಾಗಗಳನ್ನು ತಾವೇ ಜೀರ್ಣಿಸಿ ಸ್ವಚ್ಛ ಮಾಡಿಕೊಳ್ಳುತ್ತವೆ, ಹೇರಳ ಪೋಷಣೆ ಆ ಕೆಲಸ ನಿಲ್ಲಿಸುತ್ತದೆ ಎನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ.

ಕಬ್ಬಿಣದ ಮಾತೂ ಇದರ ಜೊತೆಗೇ ಬರುತ್ತದೆ. ಅನೇಕ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ನಮ್ಮ ರಕ್ತದ ಕಬ್ಬಿಣ ಬೇಕು. ಸೋಂಕು ಬಂದ ಕೆಲವೇ ಗಂಟೆಗಳಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಟ್ಟು ಕರುಳಿನಿಂದ ಕಬ್ಬಿಣ ಒಳಬರುವ ಬಾಗಿಲು ಮುಚ್ಚುತ್ತದೆ, ಒಳಗಿರುವುದನ್ನು ಜೀವಕೋಶಗಳಲ್ಲಿ ಅಡಗಿಸಿಡುತ್ತದೆ. ಊಟ ಬಿಡುವುದೂ ಅದೇ ದಿಕ್ಕಿನ ಹೆಜ್ಜೆ. ನಿತ್ರಾಣವೆಂದು ಜ್ವರದ ಮಧ್ಯದಲ್ಲಿ ಕಬ್ಬಿಣದ ಟಾನಿಕ್ ಶುರುಮಾಡಿದರೆ ಅದು ಹೀರಿಕೊಳ್ಳುವುದೂ ಇಲ್ಲ, ಹೊಟ್ಟೆ ತೊಳಸುವುದು ಹೆಚ್ಚುತ್ತದೆ. ಜ್ವರ ಬಿಟ್ಟ ಮೇಲೆ ಶುರುಮಾಡಿ. ಗರ್ಭಿಣಿಯರು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ ತಮ್ಮ ವೈದ್ಯರನ್ನು ಕೇಳದೆ ಬಿಡಬಾರದು.

ಇನ್ನು ಹಾಸಿಗೆಯ ಪಕ್ಕದ ಕೆಲಸ. ಘನ ಆಹಾರಕ್ಕೆ ಬಲವಂತ ಬೇಡ, ನೀರಿಗೆ ರಿಯಾಯಿತಿ ಬೇಡ. ಹಸಿವಿನ ಜೊತೆಗೆ ಬಾಯಾರಿಕೆಯೂ ಮಂದವಾಗಬಹುದು, ಆದರೆ ಬೆವರು, ಉಸಿರುಗಳಲ್ಲಿ ನೀರು ಹೋಗುವುದು ಹೆಚ್ಚುತ್ತದೆ. ಮೇಲೆ ಹೇಳಿದ 65 ಕಿಲೋ ತೂಕದವರಿಗೆ, ಹೃದಯ, ಮೂತ್ರಪಿಂಡದ ಕಾಯಿಲೆ ಇಲ್ಲದಿದ್ದರೆ, ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಬೇಕು. ಒಮ್ಮೆಗೇ ದೊಡ್ಡ ಲೋಟ ಕೊಟ್ಟರೆ ವಾಂತಿಯಾಗುತ್ತದೆ. ಎಚ್ಚರವಿರುವ ಪ್ರತಿ ಗಂಟೆಗೆ 150ರಿಂದ 200 ಮಿಲಿಲೀಟರ್, ಗುಟುಕು ಗುಟುಕಾಗಿ. ಸಾಲುತ್ತಿದೆಯೇ ಎಂದು ತಿಳಿಯಲು ಮೂತ್ರ ನೋಡಿ. ಆರು ಗಂಟೆಗೊಮ್ಮೆಯಾದರೂ ಆಗಬೇಕು, ತಿಳಿ ಹಳದಿ ಇರಬೇಕು.

ಏನು ಕುಡಿಸಬೇಕು ಎನ್ನುವಲ್ಲಿ ಗಂಜಿಯನ್ನು ಮೀರಿಸುವುದು ಕಷ್ಟ. ಕರಾವಳಿಯಿಂದ ಬಂದವರ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಗೋವೆಯ ನೆರೆಮನೆಯಲ್ಲಿ ಪೇಜ್, ಎರಡೂ ಒಂದೇ. ಒಂದು ಪಾಲು ಅಕ್ಕಿಗೆ ಎಂಟರಿಂದ ಹತ್ತು ಪಾಲು ನೀರು ಹಾಕಿ ಅಗುಳು ಒಡೆಯುವವರೆಗೆ ಬೇಯಿಸಿ, ಲೀಟರಿಗೆ ಅರ್ಧ ಚಹಾ ಚಮಚ ಉಪ್ಪು ಹಾಕಿದರೆ ನೀರು, ಉಪ್ಪು, ಸ್ವಲ್ಪ ಪಿಷ್ಟ ಒಟ್ಟಿಗೆ ಹೋಗುತ್ತದೆ. ಒಂದು ಬಟ್ಟಲಿಗೆ 70 ಕಿಲೋಕ್ಯಾಲರಿ ಆಸುಪಾಸು. ವೈರಸ್ ಜ್ವರಕ್ಕೆ ಬೇಕಾದ ಸ್ವಲ್ಪ ಸಕ್ಕರೆ ಇದರಲ್ಲಿ ಸಿಗುತ್ತದೆ, ಬ್ಯಾಕ್ಟೀರಿಯಾದ ಜ್ವರದಲ್ಲಿ ಹಾನಿಯಾಗುವಷ್ಟು ತುಂಬಿಸಿದಂತೆಯೂ ಆಗುವುದಿಲ್ಲ. ಯಾವ ಜ್ವರ ಎಂದು ಮನೆಯಲ್ಲಿ ಕೂತು ಗೊತ್ತಾಗದಿರುವಾಗ ಇದು ವಿವೇಕದ ನಡುದಾರಿ. ಅಂಗಡಿಯ ಗ್ಲೂಕೋಸ್ ಪುಡಿಯನ್ನು ಲೋಟಗಟ್ಟಲೆ ಕಲಸಿ ಕೊಡುವುದು ಬೇಡ, ಅದರಲ್ಲಿ ದೇಹಕ್ಕೆ ಬೇಕಾದಷ್ಟು ಉಪ್ಪಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ, ಆದ್ದರಿಂದ ಗಂಜಿಯ ಜೊತೆಗಿರಲಿ, ಬದಲಿಗಲ್ಲ. ಓಆರ್‌ಎಸ್ ಪೊಟ್ಟಣದಲ್ಲಿ ಆಗುವ ತಪ್ಪು ಒಂದೇ ಬಗೆಯದು: ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿಯುವುದು. ಆಗ ಅದು ತೀರ ಗಾಢವಾಗಿ ಭೇದಿ ಹೆಚ್ಚುತ್ತದೆ, ಮಕ್ಕಳಲ್ಲಿ ರಕ್ತದ ಸೋಡಿಯಂ ಅಪಾಯಕ್ಕೇರಬಹುದು. ಪೊಟ್ಟಣದ ಮೇಲೆ 200 ಮಿಲಿಲೀಟರ್ ಎಂದಿದೆಯೋ ಒಂದು ಲೀಟರ್ ಎಂದಿದೆಯೋ ಓದಿ, ಅಳತೆಯ ಬಾಟಲಿಯಲ್ಲೇ ಕಲಸಿ.

ಊಟವಿಲ್ಲದ ದಿನಗಳಲ್ಲಿ ಗುಳಿಗೆಯ ಲೆಕ್ಕವೂ ಬದಲಾಗುತ್ತದೆ. ಪ್ಯಾರಾಸಿಟಮಾಲ್‌ನ ವಿಷಾಂಶವನ್ನು ಯಕೃತ್ತು ಗ್ಲುಟಾಥಿಯೋನ್ ಎಂಬ ವಸ್ತುವಿನಿಂದ ಕಳೆಯುತ್ತದೆ. ಉಪವಾಸದಲ್ಲಿ ಅದರ ದಾಸ್ತಾನು ತಗ್ಗುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ 4 ಗ್ರಾಂ ಎಂದಿದ್ದರೂ ಮೂರ್ನಾಲ್ಕು ದಿನದಿಂದ ಏನೂ ತಿನ್ನದವರು, ತೂಕ ಕಡಿಮೆ ಇರುವವರು, ಮದ್ಯಪಾನ ಮಾಡುವವರು 2ರಿಂದ 3 ಗ್ರಾಂ ಒಳಗಿರುವುದು ಕ್ಷೇಮ. ನೆಗಡಿಯ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಕೂಡಿಸಿ ಎಣಿಸಿ.

ದೇಹ ತಾನೇ ಹಾಕಿಕೊಂಡ ಈ ಉಪವಾಸ ಎಲ್ಲರಿಗೂ ಒಗ್ಗುವಂಥದ್ದಲ್ಲ. ಅತಿ ಹೆಚ್ಚು ಎಡವಟ್ಟಾಗುವುದು ಸಕ್ಕರೆ ಕಾಯಿಲೆಯವರಲ್ಲಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಊಟವಿಲ್ಲದಿದ್ದರೂ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ, ರಾತ್ರಿ ಸಕ್ಕರೆ ತೀರ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳದ್ದು ಬೇರೆ ಅಪಾಯ. ಇವು ಸಕ್ಕರೆಯನ್ನು ಮೂತ್ರಕ್ಕೆ ಬಿಡುತ್ತವೆ, ಊಟ ನಿಂತಾಗ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗಬಹುದು. ಆಗ ಗ್ಲೂಕೋಮೀಟರ್ 180 ತೋರಿಸುತ್ತಿದ್ದರೂ ರೋಗಿ ವಾಂತಿ ಮಾಡುತ್ತ, ಏದುಸಿರು ಬಿಡುತ್ತಿರುತ್ತಾರೆ. ಸಕ್ಕರೆ ಸರಿಯಿದೆ ಎಂದು ಮನೆಯವರು ಸುಮ್ಮನಿದ್ದುಬಿಡುವುದೇ ಇಲ್ಲಿನ ದುರಂತ. ಈ ಎರಡು ಬಗೆಯ ಮಾತ್ರೆಗಳನ್ನೂ, ವಾಂತಿ ಭೇದಿ ಇದ್ದರೆ ಮೆಟ್‌ಫಾರ್ಮಿನ್ ಅನ್ನೂ, ಉಣ್ಣಲಾಗದ ದಿನಗಳಲ್ಲಿ ಏನು ಮಾಡಬೇಕೆಂದು ವೈದ್ಯರಿಗೆ ಅಂದೇ ಫೋನ್ ಮಾಡಿ ಕೇಳಿ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಅದರಲ್ಲೂ ಟೈಪ್ 1 ಇರುವವರು, ಊಟವಿಲ್ಲವೆಂದು ಇನ್ಸುಲಿನ್ ಪೂರ್ತಿ ನಿಲ್ಲಿಸಲೇಬಾರದು. ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿಕೊಂಡು ಪ್ರಮಾಣ ಹೊಂದಿಸಿಕೊಳ್ಳಬೇಕು.

ಪುಟ್ಟ ಮಕ್ಕಳ ಯಕೃತ್ತಿನ ಬುತ್ತಿ ಬೇಗ ಖಾಲಿಯಾಗುತ್ತದೆ. ಎದೆಹಾಲು ನಿಲ್ಲಿಸಬಾರದು, ಇನ್ನೂ ಹೆಚ್ಚು ಸಲ ಕೊಡಬೇಕು. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರಿಗೆ ಕೊಬ್ಬಿದ್ದರೂ ಸ್ನಾಯು ಇಲ್ಲ, ಅವರಿಗೆ ಮೂರನೆಯ ದಿನದಿಂದಲೇ ಗಂಜಿಗೆ ಹೆಸರುಬೇಳೆ, ಮೊಸರು, ಹಾಲು ಸೇರಿಸಿ ಸ್ವಲ್ಪ ಸ್ವಲ್ಪ ಕೊಡುವುದು ಒಳ್ಳೆಯದು. ಮತ್ತು ಈ ತಂತ್ರಕ್ಕೆ ಅವಧಿಯಿದೆ. ನಾಲ್ಕೈದು ದಿನಕ್ಕೆ ಲಾಭವಾದದ್ದು ನಾಲ್ಕೈದು ತಿಂಗಳಿಗೆ ಎಳೆದರೆ ಅದೇ ರೋಗಿಯನ್ನು ಕರಗಿಸುತ್ತದೆ. ಟಿಎನ್‌ಎಫ್ ಎಂಬ ಸೈಟೊಕೈನ್‌ಗೆ ಮೊದಲು ಕ್ಯಾಕೆಕ್ಟಿನ್, ಸೊರಗಿಸುವುದು, ಎಂದೇ ಹೆಸರಿತ್ತು. ಕ್ಷಯರೋಗದಲ್ಲಿ ಆಗುವುದು ಇದೇ. ಅಲ್ಲಿ ಹಸಿವಿನ ಮಾತು ಕೇಳುತ್ತ ಕೂರಬಾರದು, ಔಷಧಿಯಷ್ಟೇ ನಿಷ್ಠೆಯಿಂದ ಉಣ್ಣಿಸಬೇಕು. ಝಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವು ಸ್ಪಷ್ಟವಾಗಿ ಕಡಿಮೆಯಿತ್ತು. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತಗ್ಗುತ್ತಿರುವ ತೂಕ, ಹಸಿವಿಲ್ಲ ಎಂಬ ದೂರು ಒಟ್ಟಿಗೆ ಕಂಡರೆ ಕಫ ಪರೀಕ್ಷೆ ಮಾಡಿಸಿ.

ಹಸಿವು ಯಾವಾಗ ಮರಳುತ್ತದೆ ಎನ್ನುವುದನ್ನು ಬರೆದಿಟ್ಟುಕೊಳ್ಳುವುದು ಥರ್ಮಾಮೀಟರ್ ನೋಡುವಷ್ಟೇ ಉಪಯುಕ್ತ. ಸಾಮಾನ್ಯ ವೈರಸ್ ಜ್ವರದಲ್ಲಿ ಮೈ ಬಿಸಿ ಇಳಿದ ಒಂದೆರಡು ದಿನದಲ್ಲಿ ತಾನಾಗಿ "ಏನಾದರೂ ಖಾರದ್ದು ಮಾಡು" ಎಂಬ ಮಾತು ಬರುತ್ತದೆ. ಜ್ವರ ಬಿಟ್ಟರೂ ಊಟ ಕಂಡರೆ ವಾಕರಿಕೆ, ಮೂತ್ರ ಕಡು ಹಳದಿ ಎಂದಾದರೆ ಕಾಮಾಲೆಯನ್ನು ನೆನೆಯಬೇಕು. ಹೆಪಟೈಟಿಸ್ ಎ ಮತ್ತು ಇ ಎರಡರಲ್ಲೂ ಕಣ್ಣು ಹಳದಿಯಾಗುವ ಮುಂಚೆಯೇ ಹಸಿವು ಸತ್ತಿರುತ್ತದೆ.

ಡೆಂಗಿಯಲ್ಲಂತೂ ಈ ಗುರುತು ಜೀವ ಉಳಿಸಬಲ್ಲದು. ಅಲ್ಲಿ ಅಪಾಯದ ಹೊತ್ತು ಬರುವುದು ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ. ಮೈ ತಣ್ಣಗಾಗಿ, ಮುಖ ಗೆಲುವಾಗಿ, ಹಸಿವು ಮರಳಿ, ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಅದು ಚೇತರಿಕೆ. ಮೈ ತಣ್ಣಗಾಗಿದೆ, ಆದರೆ ಹಸಿವಿಲ್ಲ, ಹೊಟ್ಟೆ ನೋವು, ಮತ್ತೆ ಮತ್ತೆ ವಾಂತಿ, ಮಂಕು, ವಸಡಿನಲ್ಲಿ ರಕ್ತ, ಆರು ಗಂಟೆಯಿಂದ ಮೂತ್ರವಿಲ್ಲ, ಇವುಗಳಲ್ಲಿ ಯಾವುದಿದ್ದರೂ ರಕ್ತನಾಳಗಳಿಂದ ನೀರು ಸೋರುತ್ತಿರಬಹುದು. ಜ್ವರ ಬಿಟ್ಟಿತೆಂದು ಮನೆಯಲ್ಲಿರದೆ ಆಗಲೇ ಆಸ್ಪತ್ರೆಗೆ ಹೊರಡಬೇಕು. ಡೆಂಗಿ ಎಂಬ ಅನುಮಾನವಿರುವಾಗ ಮೈಕೈ ನೋವಿಗೆ ಐಬುಪ್ರೊಫೇನ್, ಆಸ್ಪಿರಿನ್ ಕೊಡಬಾರದು, ರಕ್ತಸ್ರಾವ ಹೆಚ್ಚುತ್ತದೆ.

ಹಸಿವು ನಿಜವಾಗಿ ಮರಳಿದ ದಿನದಿಂದ ಎರಡು ವಾರ ಕೈ ಬಿಗಿಹಿಡಿಯಬೇಡಿ. ಕಳೆದುಹೋದ ಸ್ನಾಯು ಕಟ್ಟಿಕೊಳ್ಳುವ ಹೊತ್ತು ಅದು. ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್, ಅಂದರೆ ನಮ್ಮ 65 ಕಿಲೋದವರಿಗೆ ದಿನಕ್ಕೆ 80ರಿಂದ 95 ಗ್ರಾಂ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲಿ 6-7, ನೂರು ಗ್ರಾಂ ಬಂಗುಡೆಯಲ್ಲಿ 20ರ ಆಸುಪಾಸು. ಬರೀ ಅನ್ನ ತಿಳಿಸಾರಿನಲ್ಲಿ ಈ ಲೆಕ್ಕ ತುಂಬುವುದಿಲ್ಲ, ಹೊತ್ತು ಹೊತ್ತಿಗೆ ಬೇಳೆಯೋ ಮೀನೋ ಮೊಸರೋ ಇರಬೇಕು. ಮಕ್ಕಳಿಗೆ ಈ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಟ್ಟು, ಜ್ವರಕ್ಕೆ ಮುಂಚಿನ ತೂಕ ಮರಳಿತೇ ಎಂದು ತೂಗಿ ನೋಡಿ.